‘ಹೇಗಿದೆ?’ ಎಂದು ಕೇಳುವ ಮೊದಲು

ತಾನು ಬರೆದುದನ್ನು ಮತ್ತೊಬ್ಬರ ಕೈಗೆ ಕೊಡುವಾಗ ಸಾಮಾನ್ಯವಾಗಿ ಎಲ್ಲರ ಬಾಯಿಂದಲೂ ಹೊರಡುವ ಮಾತು ಒಂದೇ: “ಸ್ವಲ್ಪ ಓದಿ ನೋಡಿ, ಹೇಗಿದೆ ಹೇಳಿ.” ಇದಕ್ಕೆ ಬರುವ ಉತ್ತರವೂ ಸಾಮಾನ್ಯವಾಗಿ ಒಂದೇ: “ಚೆನ್ನಾಗಿದೆ.” ಬರೆದವನಿಗೆ ಒಂದು ಗಳಿಗೆ ಸಂತೋಷವಾಗುತ್ತದೆ. ಮನೆಗೆ ಬಂದು ಕಾಗದಗಳನ್ನು ಮತ್ತೆ ಹರಡಿಕೊಂಡು ಕುಳಿತಾಗ, ಎಲ್ಲಿ ತಿದ್ದಬೇಕು ಎಂಬುದು ಮೊದಲು ಎಷ್ಟು ತಿಳಿಯದಿತ್ತೋ ಅಷ್ಟೇ ತಿಳಿಯದೆ ಉಳಿದಿರುತ್ತದೆ.

ಕಟ್ಟುಕತೆಯ ವಿಷಯದಲ್ಲಿ ಇದರಿಂದಾಗುವ ನಷ್ಟ ಅಲ್ಪವೆನ್ನಬಹುದು. ತನ್ನ ಬಾಳಿನ ಸಂಗತಿಯನ್ನೋ ತನ್ನ ಮನೆಯವರ ಸಂಗತಿಯನ್ನೋ ಬರೆದವನಿಗೆ ಈ ನಷ್ಟ ದೊಡ್ಡದು. ಅಂಥ ಬರಹವನ್ನು ಓದುವವರು ಬರಹವನ್ನಷ್ಟೇ ನೋಡಲಾರರು. ಅದರ ಹಿಂದೆ ನಿಂತ ಮನುಷ್ಯನನ್ನೂ ಅವನ ದುಃಖವನ್ನೂ ನೋಡುತ್ತಿರುತ್ತಾರೆ. ತೀರಿಹೋದ ತಂದೆಯನ್ನು ಕುರಿತು ಬರೆದುಕೊಂಡು ಬಂದವನ ಎದುರಿಗೆ, “ನಾಲ್ಕನೆಯ ಪುಟದಲ್ಲಿ ನನಗೆ ಆಕಳಿಕೆ ಬಂದಿತು” ಎಂದು ಹೇಳುವ ಎದೆಗಾರಿಕೆ ಯಾರಿಗಿದೆ? ಆದುದರಿಂದ ಅವರಿಗೆ ಸತ್ಯ ಹೇಳುವ ದಾರಿಯನ್ನು ನಾವೇ ಮೊದಲು ಮಾಡಿಕೊಡಬೇಕಾಗುತ್ತದೆ. ಈ ಮಾತನ್ನು ನಾನು ಯಾವ ಗ್ರಂಥದಿಂದಲೂ ಕಲಿಯಲಿಲ್ಲ. ಹದಿನಾಲ್ಕು ಪುಟದ ಒಂದು ಕರಡನ್ನು ಕೈಯಲ್ಲಿ ಹಿಡಿದು ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ನಡುವೆ ತಿರುಗಾಡಿ ಕಲಿತೆ. ಆ ಕರಡಿನ ಕಥೆಯನ್ನೇ ಇಲ್ಲಿ ಹೇಳುತ್ತೇನೆ.

ನನ್ನ ತಂದೆ ಕಳಸದ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರಾಗಿದ್ದರು. ರೈಟರು ಎಂದೊಡನೆ ಬಯಲುಸೀಮೆಯ ವಾಚಕರು ಸಾಹಿತಿಯೆಂದು ತಿಳಿಯಬಾರದು. ನಮ್ಮ ಕಡೆ ತೋಟದ ಲೆಕ್ಕಪತ್ರ ಬರೆಯುವವರಿಗೆ ಆ ಹೆಸರು. ಆಳುಗಳ ಹಾಜರಿ, ಕೊಯ್ದ ಹಣ್ಣಿನ ತೂಕ, ಬಿದ್ದ ಮಳೆಯ ಪ್ರಮಾಣ, ಇವಿಷ್ಟನ್ನೂ ಅವರು ದಿನದಿನವೂ ಪುಸ್ತಕಕ್ಕೆ ಏರಿಸಬೇಕು. ನನ್ನ ಕರಡಿನಲ್ಲಿದ್ದುದು ಒಂದು ಬೇಸಿಗೆಯ ಕಥೆ. ಆ ವರ್ಷ ಹೂಮಳೆ ತಡವಾಯಿತು. ಕಾಫಿ ಗಿಡದ ಮೊಗ್ಗು ಫೆಬ್ರವರಿಯ ಕೊನೆಯಿಂದ ಏಪ್ರಿಲಿನವರೆಗೆ ಒಂದು ಮಳೆಗೆ ಕಾದು ಕುಳಿತಿರುತ್ತದೆ. ಒಂದು ಇಂಚಿನಷ್ಟಾದರೂ ಬಿದ್ದರೆ ತೋಟವೆಲ್ಲ ಒಟ್ಟಿಗೆ ಅರಳುತ್ತದೆ. ಅಷ್ಟಿಷ್ಟು ಹನಿದು ನಿಂತರೆ ಮೊಗ್ಗು ಅರೆಬರೆಯಾಗಿ ಬಿರಿದು ಫಸಲು ಕೆಡುತ್ತದೆ. ಆ ದಿನಗಳಲ್ಲಿ ತಂದೆ ಬೆಳಗಾಗುತ್ತಲೇ ಮಳೆಮಾಪಕದ ಬಳಿಗೆ ಹೋಗಿ ಬಗ್ಗಿ ನೋಡುತ್ತಿದ್ದುದೂ, ಒಂದು ದಿನ ಮಗುವಿನ ಜ್ವರದಿಂದ ತಡವಾಗಿ ಬಂದ ಹೆಣ್ಣಾಳೊಬ್ಬಳಿಗೆ ಅವರು ಅರ್ಧ ಹಾಜರಿ ಬರೆದುದೂ ನನ್ನ ಬರಹದ ಎರಡು ಮುಖ್ಯ ಚಿತ್ರಗಳು. ಆಕೆ ಏನೂ ಮಾತನಾಡದೆ ಬುಟ್ಟಿ ಎತ್ತಿಕೊಂಡು ಹೋದಳು. ಅದನ್ನು ನಾನು ಕಣ್ಣಾರೆ ಕಂಡೆನೆಂದು ಬರೆದಿದ್ದೆ.

ನನ್ನನ್ನು ಕಾಡುತ್ತಿದ್ದ ಚಿಂತೆ ಒಂದೇ. ಈ ಬರಹದಲ್ಲಿ ನಾನು ತಂದೆಗೆ ನ್ಯಾಯ ಮಾಡಿದ್ದೇನೆಯೋ, ಸತ್ತವರ ಮೇಲೆ ಹಗೆ ತೀರಿಸಿಕೊಂಡಿದ್ದೇನೆಯೋ? ಅದು ನನಗೆ ತಿಳಿಯದು. ಓದಿದವರು ಹೇಳಬೇಕು. ಆದರೆ ಆ ಚಿಂತೆಯನ್ನು ಯಾರ ಮುಂದೆಯೂ ಬಿಚ್ಚದೆ, ಮೂವರ ಕೈಗೆ ಮೂರು ಪ್ರತಿ ಕೊಟ್ಟು, “ಹೇಗಿದೆ ನೋಡಿ” ಎಂದೆ.

ಚಿಕ್ಕಮಗಳೂರಿನಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಮಿತ್ರರು ಹತ್ತು ದಿನಗಳ ತರುವಾಯ ಪ್ರತಿಯನ್ನು ಹಿಂದಿರುಗಿಸಿದರು. ಪುಟಪುಟದಲ್ಲಿಯೂ ಕೆಂಪು ಶಾಯಿ. ಅಲ್ಪಪ್ರಾಣ ಮಹಾಪ್ರಾಣಗಳು, ಸಂಧಿಗಳು, ಒಂದೆರಡು ಕಡೆ ವಚನ ಪಲ್ಲಟ. ಅವರ ಶ್ರಮಕ್ಕೆ ನಾನು ಕೃತಜ್ಞನೇ. ಆದರೆ ಆ ಕೆಂಪಿನಲ್ಲಿ ಬಹುಪಾಲು ಬಿದ್ದಿದ್ದುದು ನಾನು ಆಗಲೇ ಕಿತ್ತು ಹಾಕಬೇಕೆಂದಿದ್ದ ಎರಡು ಪುಟಗಳ ಮೇಲೆ. ಕೊನೆಯಲ್ಲಿ ಒಂದು ಮಾತು ಬರೆದಿದ್ದರು: ಪೂರ್ಣಚಂದ್ರ ತೇಜಸ್ವಿಯವರ ‘ಅಣ್ಣನ ನೆನಪು’ ಓದಿದವರಿಗೆ ಇದು ಅಷ್ಟಾಗಿ ಹಿಡಿಸದು. ಮೂಡಿಗೆರೆಯಲ್ಲಿ ಬಾಳಿದ ತೇಜಸ್ವಿಯವರು ತಂದೆಯನ್ನು ಕುರಿತು ಬರೆದ ಮೇಲೆ ಈ ಸೀಮೆಯಲ್ಲಿ ತಂದೆಯ ವಿಷಯ ಬರೆಯುವ ಯಾರಿಗೂ ಈ ಹೋಲಿಕೆ ತಪ್ಪಿದ್ದಲ್ಲ. ಮಾತು ನಿಜವಿದ್ದೀತು, ಅದನ್ನು ಕಟ್ಟಿಕೊಂಡು ನಾನು ಯಾವ ವಾಕ್ಯವನ್ನು ತಿದ್ದಲಿ?

ಮೂಡಿಗೆರೆಯ ಸಮೀಪದ ಬೆಳೆಗಾರ ಗೆಳೆಯ ಫೋನು ಮಾಡಿ, “ಮಳೆ ಬಿದ್ದ ಮಾರನೆಯ ದಿನವೇ ಹೂ ಅರಳಿಸಿಬಿಟ್ಟಿದ್ದೀಯಲ್ಲ ಮಾರಾಯ! ಎಂಟು ಹತ್ತು ದಿನವಾದರೂ ಬೇಡವೆ?” ಎಂದು ನಕ್ಕರು. ಕಳಸದಲ್ಲಿದ್ದ ನನ್ನ ಅಕ್ಕ ಓದಿ ಕಣ್ಣೊರಸಿಕೊಂಡು, “ಚೆನ್ನಾಗಿದೆ” ಎಂದಳು.

ಮೂವರೂ ನನಗೆ ಮೋಸ ಮಾಡಲಿಲ್ಲ. ಪ್ರಶ್ನೆ ಇಲ್ಲದ ಕಡೆ ಪ್ರತಿಯೊಬ್ಬರೂ ತಮ್ಮಲ್ಲಿದ್ದುದನ್ನು ಕೊಟ್ಟರು. ಅಧ್ಯಾಪಕರಲ್ಲಿ ವ್ಯಾಕರಣವಿತ್ತು, ಬೆಳೆಗಾರರಲ್ಲಿ ಕಾಫಿಯ ಜ್ಞಾನವಿತ್ತು, ಅಕ್ಕನಲ್ಲಿ ಮಮತೆಯಿತ್ತು. ನನ್ನ ಚಿಂತೆ ಮಾತ್ರ ಇದ್ದಲ್ಲಿಯೇ ಇದ್ದಿತು. ಹಾಗೆ ನೋಡಿದರೆ ಮೂವರಲ್ಲಿ ಬೆಳೆಗಾರರ ಮಾತೇ ಕೂಡಲೆ ಉಪಯೋಗಕ್ಕೆ ಬಂದಿತು. ಅವರಿಗೆ ನಾನು ಪ್ರಶ್ನೆ ಕೇಳದಿದ್ದರೂ ಅವರಷ್ಟಕ್ಕೆ ಅವರು ಒಂದು ಪ್ರಶ್ನೆಯನ್ನು ಇಟ್ಟುಕೊಂಡು ಓದಿದ್ದರು: ಇಲ್ಲಿ ಹೇಳಿರುವ ಕಾಫಿಯ ಸಂಗತಿ ಸರಿಯೆ? ನಿಶ್ಚಿತ ಪ್ರಶ್ನೆಗೆ ನಿಶ್ಚಿತ ಉತ್ತರ ಸಿಕ್ಕಿತು. ಇದನ್ನು ಕಂಡ ಮೇಲೆ ನನಗೆ ದಾರಿ ಹೊಳೆಯಿತು.

ಎರಡು ತಿಂಗಳ ತರುವಾಯ ಕರಡನ್ನು ತಿದ್ದಿ ಮತ್ತೆ ಹೊರಟೆ. ಈ ಸಲ ಕಾಗದಗಳನ್ನು ಕೊಡುವ ಮೊದಲು ಮಾತು. ಎಲ್ಲರಲ್ಲಿಯೂ ಮೊದಲು ಕೇಳಿದುದು ಬರಹದ ವಿಷಯವಲ್ಲ, ಓದುವವರ ವಿಷಯ. “ಇದು ನನ್ನ ತಂದೆಯ ಮೇಲೆ ಬರೆದದ್ದು. ಹದಿನಾಲ್ಕು ಪುಟವಿದೆ, ಒಂದು ಗಂಟೆ ಬೇಕು. ಈ ತಿಂಗಳ ಒಳಗೆ ಓದಲು ನಿಮಗೆ ಬಿಡುವೂ ಮನಸ್ಸೂ ಇದೆಯೆ? ಇಲ್ಲವೆಂದರೆ ನನಗೆ ಬೇಸರವಿಲ್ಲ.” ಒಬ್ಬರು ಇಲ್ಲವೆಂದರು. ಅವರಿಗೆ ತಂದೆ ತೀರಿಕೊಂಡು ಆರು ತಿಂಗಳೂ ಆಗಿರಲಿಲ್ಲ. ಕೇಳದೆ ಕೊಟ್ಟಿದ್ದರೆ ದಾಕ್ಷಿಣ್ಯಕ್ಕೆ ಓದಿ, ತಮ್ಮ ನೋವಿನಲ್ಲಿ ನನ್ನ ಬರಹವನ್ನು ಕಾಣುತ್ತಿದ್ದರು. ಓದಲೊಲ್ಲೆನೆಂದು ಹೇಳುವ ಸ್ವಾತಂತ್ರ್ಯ ಇದ್ದವರಿಗೇ ಚೆನ್ನಾಗಿಲ್ಲವೆಂದು ಹೇಳುವ ಸ್ವಾತಂತ್ರ್ಯವೂ ಇರುತ್ತದೆ. ಇದರ ಜೊತೆಗೆ ಇನ್ನೊಂದು ಮಾತನ್ನೂ ಮೊದಲೇ ಕೇಳಿಕೊಂಡೆ: “ಇದನ್ನು ಬೇರೆ ಯಾರಿಗೂ ತೋರಿಸದೆ ನನಗೇ ಹಿಂದಿರುಗಿಸುವಿರಾ?” ಮನೆಯ ಮಾತು ಬರೆದವನು ಇದನ್ನು ಕೊಟ್ಟ ಮೇಲೆ ನೆನೆದರೆ ಪ್ರಯೋಜನವಿಲ್ಲ.

ಎರಡನೆಯದಾಗಿ, ಕರಡು ಯಾವ ಹಂತದಲ್ಲಿದೆ ಎಂಬುದನ್ನು ಮೊದಲ ಪುಟದ ತಲೆಯಲ್ಲಿಯೇ ಬರೆದೆ: “ಇದು ಎರಡನೆಯ ಕರಡು. ಪುಟಗಳು ಇನ್ನೂ ಹಿಂದುಮುಂದಾಗಬಹುದು. ಕಾಗುಣಿತವನ್ನು ಕೊನೆಯಲ್ಲಿ ನೋಡುವೆ.” ಈ ಮೂರು ವಾಕ್ಯಗಳಿಂದ ಅಧ್ಯಾಪಕ ಮಿತ್ರರ ಕೆಂಪು ಶಾಯಿ ಉಳಿಯಿತು. ಅವರಲ್ಲಿ ನಾನು ಒಂದೇ ಕೆಲಸ ಬೇಡಿದೆ. “ಕೈಯಲ್ಲಿ ಪೆನ್ಸಿಲು ಇರಲಿ. ಓದುತ್ತ ಓದುತ್ತ ಎಲ್ಲಿ ಕಣ್ಣು ನಿಂತಿತೋ, ಎಲ್ಲಿ ಹಿಂದಿನ ಸಾಲಿಗೆ ಮರಳಬೇಕಾಯಿತೋ, ಎಲ್ಲಿ ಬೇರೆ ಯೋಚನೆ ಬಂದಿತೋ, ಅಲ್ಲಿ ಅಂಚಿನಲ್ಲಿ ಒಂದು ಗೀಟು ಹಾಕಿ. ಏಕೆಂದು ಬರೆಯುವುದು ಬೇಡ.”

ಇದರ ಮರ್ಮವನ್ನು ಸ್ವಲ್ಪ ವಿವರಿಸಬೇಕು. “ಎಲ್ಲಿ ದೋಷವಿದೆ?” ಎಂದು ಕೇಳಿದರೆ ಓದುಗರು ವಿಮರ್ಶಕರ ಪೀಠ ಹತ್ತಿ ಕುಳಿತುಬಿಡುತ್ತಾರೆ, ತಾವು ಕಲಿತ ಲಕ್ಷಣಗಳನ್ನು ನೆನೆದುಕೊಂಡು, ದೋಷವಿಲ್ಲದ ಕಡೆಯೂ ಹುಡುಕುತ್ತಾರೆ. “ಎಲ್ಲಿ ನಿಂತಿರಿ?” ಎಂದರೆ ಅವರು ಹೇಳಬೇಕಾದುದು ತಮ್ಮ ಅನುಭವದ ಒಂದು ಸಂಗತಿಯನ್ನು ಮಾತ್ರ. ಅದಕ್ಕೆ ಪಾಂಡಿತ್ಯ ಬೇಡ, ದಾಕ್ಷಿಣ್ಯವೂ ಅಡ್ಡಬಾರದು. ಐದನೆಯ ಪುಟದಲ್ಲಿ ನಿಂತೆ ಎಂದರೆ ಬರೆದವನ ಮುಖ ಕಂದುವುದಿಲ್ಲ. ಅಭಿಪ್ರಾಯವನ್ನು ಬೇಡುವುದಕ್ಕಿಂತ ವರದಿಯನ್ನು ಬೇಡುವುದು ಲೇಸೆಂಬುದು ನಾನು ಕಂಡುಕೊಂಡ ಮೊದಲ ಪಾಠ.

ಎರಡನೆಯ ಪಾಠವನ್ನು ಕಲಿಸಿದವರು ಕಡೂರಿನ ಒಬ್ಬ ಉಪಾಧ್ಯಾಯಿನಿ. ಹಿಂದೊಮ್ಮೆ ನನ್ನ ವಿದ್ಯಾರ್ಥಿನಿಯಾಗಿದ್ದವರು. ಕಡೂರು ನಮ್ಮ ಜಿಲ್ಲೆಯೇ ಆದರೂ ಬಯಲುಸೀಮೆ. ಅಲ್ಲಿ ತೆಂಗು ರಾಗಿಗಳ ಮಾತು, ಕಾಫಿಯ ಮಾತಿಲ್ಲ. ಕಾಫಿ ತೋಟವನ್ನು ಅರಿಯದವರೊಬ್ಬರು ಓದಬೇಕೆಂದೇ ಅವರನ್ನು ಆರಿಸಿದ್ದೆ. “ಅರ್ಥವಾಯಿತೆ?” ಎಂದು ನಾನು ಕೇಳಲಿಲ್ಲ. ಆ ಪ್ರಶ್ನೆಗೆ ಹಳೆಯ ಮೇಷ್ಟರ ಎದುರಿಗೆ ಇಲ್ಲವೆನ್ನುವ ಶಿಷ್ಯರಿಲ್ಲ. “ಓದಿ ಮುಗಿಸಿ, ಕಾಗದಗಳನ್ನು ಮುಚ್ಚಿಟ್ಟು, ಮಾರನೆಯ ದಿನ ಆ ಕಥೆಯನ್ನು ನನಗೆ ನಿಮ್ಮ ಮಾತಿನಲ್ಲಿ ಹೇಳುವಿರಾ?” ಎಂದು ಮೊದಲೇ ಒಪ್ಪಂದ ಮಾಡಿಕೊಂಡಿದ್ದೆ.

ಅವರು ಹೇಳತೊಡಗಿದರು. ತೋಟ, ತಡವಾದ ಮಳೆ, ಬೆಳಗಿನ ಜಾವ ಎದ್ದು ಹೋಗುವ ತಂದೆ, ಎಲ್ಲವೂ ಸರಿಯಾಗಿಯೇ ಬಂದಿತು. ಆಮೇಲೆ, “ನಿಮ್ಮ ತಂದೆಯವರು ಎಂಥ ರಸಿಕರು ಸಾರ್! ದಿನವೂ ಹೋಗಿ ಹೂವಿನ ಪರಿಮಳವನ್ನು ನೋಡಿ ಪುಸ್ತಕದಲ್ಲಿ ಬರೆದಿಡುತ್ತಿದ್ದರಲ್ಲ” ಎಂದರು. ನಾನು ಬೆರಗಾದೆ. ಪರಿಮಳ ಎಲ್ಲಿಂದ ಬಂದಿತು? ಕರಡನ್ನು ತೆರೆದು ನೋಡಿದಾಗ ಗುಟ್ಟು ತಿಳಿಯಿತು. ನಾನು ಬರೆದಿದ್ದುದು, ತಂದೆ ಬಗ್ಗಿ ನೋಡಿ ‘ಹದಿನೈದು ಸೆಂಟು’ ಎಂದು ನಿಟ್ಟುಸಿರುಬಿಟ್ಟು ಪುಸ್ತಕಕ್ಕೆ ಏರಿಸಿದರು ಎಂದು. ನಮ್ಮ ತೋಟಗಳಲ್ಲಿ ಮಳೆಯನ್ನು ಇಂಚು ಮತ್ತು ಸೆಂಟುಗಳಲ್ಲಿ ಹೇಳುವುದು ರೂಢಿ. ಇಂಚಿನ ನೂರನೆಯ ಒಂದು ಭಾಗ ಒಂದು ಸೆಂಟು. ಹದಿನೈದು ಸೆಂಟು ಎಂದರೆ ಹೂವಿಗೆ ಸಾಲದ ಮಳೆ; ತಂದೆಯ ನಿಟ್ಟುಸಿರಿಗೆ ಅದೇ ಕಾರಣ. ಕಡೂರಿನವರಿಗಾದರೋ ಸೆಂಟು ಎಂದರೆ ಸುಗಂಧ. ಕಾಫಿ ಹೂವಿಗೆ ಮಲ್ಲಿಗೆಯಂಥ ಪರಿಮಳವಿರುವುದನ್ನು ಹಿಂದಿನ ಪುಟದಲ್ಲಿ ನಾನೇ ಬಣ್ಣಿಸಿದ್ದೆ. ಎರಡನ್ನೂ ಸೇರಿಸಿಕೊಂಡು ಅವರು ತಮ್ಮದೇ ಆದ ಒಬ್ಬ ರಸಿಕ ರೈಟರನ್ನು ಸೃಷ್ಟಿಸಿಕೊಂಡಿದ್ದರು.

ಇದು ನಗುವ ಮಾತಾದರೂ ವಿಚಾರಮಾಡತಕ್ಕ ಮಾತು. ಅವರಿಗೆ ಎಲ್ಲಿಯೂ ಅರ್ಥವಾಗದೆ ನಿಂತಂತೆ ಆಗಲಿಲ್ಲ. ಆದುದರಿಂದ ಎಲ್ಲಿ ನಿಂತಿರಿ ಎಂಬ ಪ್ರಶ್ನೆಗೆ ಇದು ಸಿಕ್ಕುತ್ತಿರಲಿಲ್ಲ. ಅರ್ಥವಾಯಿತೆ ಎಂದಿದ್ದರೆ, ಆಯಿತು ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಿದ್ದರು. ತಪ್ಪಾಗಿ ಅರ್ಥವಾದುದನ್ನು ಹೊರಗೆ ತರುವುದಕ್ಕೆ ಕಥೆಯನ್ನು ಅವರಿಂದಲೇ ಹೇಳಿಸುವುದೊಂದೇ ನಾನು ಬಲ್ಲ ಉಪಾಯ. ಹೇಳುವಾಗ ಅವರು ಬಿಟ್ಟದ್ದೇನು, ಸೇರಿಸಿದ್ದೇನು, ಯಾವುದನ್ನು ಮೊದಲು ಹೇಳಿದರು, ಇಷ್ಟನ್ನು ನಡುವೆ ಬಾಯಿ ಹಾಕದೆ ಗುರುತಿಸಿಕೊಂಡರೆ ಸಾಕು. ನಡುವೆ ಬಾಯಿ ಹಾಕಿ, “ಅದು ಹಾಗಲ್ಲ” ಎಂದರೆ ಅವರು ಅಲ್ಲಿಂದ ಮುಂದೆ ನಮ್ಮ ಮುಖ ನೋಡಿಕೊಂಡು ಕಥೆ ಹೇಳುತ್ತಾರೆ. ಮುಂದಿನ ಕರಡಿನಲ್ಲಿ ನಾನು ಮಾಡಿದುದು ಇಷ್ಟೇ: ‘ಒಂದು ಇಂಚು ಬೇಕಾದ ಕಡೆ ಹದಿನೈದು ಸೆಂಟು ಮಳೆ’ ಎಂದು ಬರೆದೆ. ಐದು ಮಾತು ಸೇರಿದವು. ನಿಟ್ಟುಸಿರಿಗೆ ಅರ್ಥ ಬಂದಿತು.

ಇನ್ನು ನನ್ನ ನಿಜವಾದ ಚಿಂತೆ. ಇದನ್ನು ಮೊದಲೇ ಹೇಳಬೇಕೆ ಎಂದು ಬಹಳ ಯೋಚಿಸಿದೆ. “ನನ್ನ ತಂದೆ ಕ್ರೂರಿಯಾಗಿ ಕಾಣುತ್ತಾರೆಯೆ ನೋಡಿ” ಎಂದು ಕೈಗೆ ಕೊಟ್ಟರೆ, ಓದುಗರು ಮೊದಲ ಸಾಲಿನಿಂದಲೇ ಕ್ರೌರ್ಯವನ್ನು ಹುಡುಕುತ್ತ ಹೋಗುವರು. ಹುಡುಕಿದವರಿಗೆ ಅದು ಸಿಕ್ಕದೆ ಇರದು. ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೊಟ್ಟಂತಾಗುತ್ತದೆ. ಆದುದರಿಂದ, “ಓದಿದ ಮೇಲೆ ಇನ್ನೊಂದು ಮಾತು ಕೇಳುವುದಿದೆ, ಈಗ ಹೇಳುವುದಿಲ್ಲ” ಎಂದಷ್ಟೇ ತಿಳಿಸಿದ್ದೆ. ಕಥೆಯನ್ನು ಹೇಳಿ ಮುಗಿಸಿದ ಮೇಲೆ ಕಡೂರಿನವರನ್ನು ಕೇಳಿದೆ: “ಈ ರೈಟರನ್ನು ಕುರಿತು ನಿಮಗೆ ಏನನ್ನಿಸಿತು?” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರಿಗೂ ಮೇಲಿನವರ ಹೆದರಿಕೆ ಇತ್ತೋ ಏನೋ ಅನ್ನಿಸಿತು ಸಾರ್. ಆದರೆ ನೀವು ಅದನ್ನು ಎಲ್ಲಿಯೂ ಹೇಳಿಲ್ಲ” ಎಂದರು. ಹೆದರಿಕೆ ಇದ್ದುದು ನಿಜ. ಶನಿವಾರ ಸಾಹುಕಾರರು ಹಾಜರಿ ಪುಸ್ತಕ ನೋಡುವ ಹೊತ್ತಿಗೆ ತಂದೆಯ ಕೈ ನಡುಗುತ್ತಿದ್ದುದು ನನಗೆ ಗೊತ್ತು. ಗೊತ್ತಿದ್ದೂ ಬರೆದಿರಲಿಲ್ಲ. ಏಕೆ ಬರೆಯಲಿಲ್ಲವೆಂದು ನನ್ನನ್ನೇ ಕೇಳಿಕೊಂಡಾಗ ಸಿಕ್ಕ ಉತ್ತರ ನನಗೆ ಮರ್ಯಾದೆ ತರುವಂಥದಾಗಿರಲಿಲ್ಲ.

ಈ ನಡುವೆ ಅಧ್ಯಾಪಕರ ಪ್ರತಿಯೂ ಬಂದಿತು. ಗೀಟುಗಳು ಒಟ್ಟು ಏಳು. ಅವುಗಳಲ್ಲಿ ಮೂರು ಐದನೆಯ ಪುಟದಲ್ಲಿ, ಅರ್ಧ ಹಾಜರಿಯ ಪ್ರಸಂಗದಲ್ಲಿ. ಕಡೂರಿನವರೂ ಕಥೆ ಹೇಳುವಾಗ ಅಲ್ಲಿಯೇ ತಡವರಿಸಿದ್ದರು. ಇಬ್ಬರನ್ನೂ ಕೇಳಿದೆ. ಅಧ್ಯಾಪಕರು, ಪ್ರಸಂಗ ಉದ್ದವಾಯಿತು, ಅರ್ಧಕ್ಕೆ ಇಳಿಸಿ ಎಂದರು. ಉಪಾಧ್ಯಾಯಿನಿಯವರು, ತೀರ ಚುಟುಕಾಯಿತು, ಇನ್ನೂ ವಿಸ್ತರಿಸಿ ಎಂದರು. ಹೊಸಬರು ಇಲ್ಲಿ ದಿಕ್ಕುಗೆಟ್ಟು ಕೂರುತ್ತಾರೆ. ಇಬ್ಬರೂ ಬೇರೆ ಬೇರೆ ಹೇಳಿದುದರಿಂದ ಇಬ್ಬರ ಮಾತನ್ನೂ ಬಿಡಬಹುದೆಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಆದರೆ ಮದ್ದಿನ ವಿಷಯದಲ್ಲಿ ಭೇದವಿದ್ದರೂ ನೋವಿನ ಸ್ಥಳದ ವಿಷಯದಲ್ಲಿ ಇಬ್ಬರೂ ಒಂದೇ. ಓದುಗರು ತೋರಿಸಿದ ಸ್ಥಳವನ್ನು ನಂಬಬೇಕು. ಅವರು ಹೇಳಿದ ಮದ್ದನ್ನು ಪರೀಕ್ಷಿಸಬೇಕು. ಪರೀಕ್ಷಿಸಿದಾಗ ತಪ್ಪು ಇದ್ದುದು ಐದನೆಯ ಪುಟದಲ್ಲಿಯೇ ಅಲ್ಲ, ನಾಲ್ಕನೆಯ ಪುಟದಲ್ಲಿ. ಅಲ್ಲಿ ಆ ಹೆಣ್ಣಾಳು ಬರಿಯ ‘ಅವಳು’ ಎಂದು ಒಳಗೆ ಬರುತ್ತಿದ್ದಳು. ಅವಳು ಯಾರು, ಎಷ್ಟು ದೂರದ ಲೈನಿನಿಂದ ನಡೆದು ಬಂದಳು, ಮಗುವನ್ನು ಯಾರ ಬಳಿ ಬಿಟ್ಟಳು ಎಂಬುದು ಅರ್ಧ ಹಾಜರಿ ಬಿದ್ದ ಮೇಲೆ ಗೊತ್ತಾಗುತ್ತಿತ್ತು. ಆ ನಾಲ್ಕು ವಾಕ್ಯಗಳನ್ನು ಹಿಂದಕ್ಕೆ ತಂದೆ. ಐದನೆಯ ಪುಟದಲ್ಲಿ ಒಂದಕ್ಷರವನ್ನೂ ಮುಟ್ಟಲಿಲ್ಲ. ಮುಂದಿನ ಸಲ ಓದಿದವರಾರೂ ಅಲ್ಲಿ ನಿಲ್ಲಲಿಲ್ಲ.

ಕೊನೆಯದಾಗಿ ಅಕ್ಕನ ಬಳಿಗೆ ಹೋದೆ. ಬರಹದೊಳಗೆ ತಾವೇ ಪಾತ್ರವಾಗಿರುವವರು, ಇಲ್ಲವೆ ಪಾತ್ರಗಳ ರಕ್ತಸಂಬಂಧಿಗಳು, ಬೇರೆಯೇ ಬಗೆಯ ಓದುಗರು. ಅವರನ್ನು ಶೈಲಿಯ ಮಾತು ಕೇಳುವುದು ವ್ಯರ್ಥ. ಅವರ ಬಳಿ ಇರುವುದು ಸತ್ಯ ಮತ್ತು ಅಪ್ಪಣೆ. ಇಂಗ್ಲಿಷ್ ಕವಿ ಟಿ. ಎಸ್. ಎಲಿಯಟ್ ತನ್ನ ‘ದಿ ವೇಸ್ಟ್ ಲ್ಯಾಂಡ್’ ಕಾವ್ಯದ ಕರಡನ್ನು ಇಬ್ಬರಿಗೆ ತೋರಿಸಿದುದು ಪ್ರಸಿದ್ಧ. ಮಿತ್ರನಾದ ಎಜ್ರಾ ಪೌಂಡ್ ಕಾವ್ಯವನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸಿದ; 1922ರಲ್ಲಿ ಪ್ರಕಟವಾದ ಕಾವ್ಯದ ಈಗಿನ ರೂಪಕ್ಕೆ ಅವನ ಕತ್ತರಿಯೂ ಕಾರಣ. ಎಲಿಯಟ್ಟನ ಪತ್ನಿ ವಿವಿಯನ್ ಓದಿದ್ದು ಬೇರೆ ರೀತಿ. ಗಂಡಹೆಂಡಿರ ಕಳವಳದ ಮಾತುಕತೆ ಬರುವ ಭಾಗದ ಅಂಚಿನಲ್ಲಿ ಆಕೆ ಮೆಚ್ಚುಗೆಯನ್ನು ಬರೆದಳು. ಅದೇ ಭಾಗದ ಒಂದು ಸಾಲನ್ನು ಮಾತ್ರ ತೆಗೆಯಬೇಕೆಂದಳು. ಕವಿ ತೆಗೆದ. ಬಹಳ ವರ್ಷಗಳ ತರುವಾಯ, ಆಕೆ ತೀರಿಕೊಂಡ ಮೇಲೆ, 1960ರಲ್ಲಿ ತನ್ನ ಕೈಯಿಂದ ಕಾವ್ಯವನ್ನು ನಕಲು ಮಾಡುವಾಗ ಆ ಸಾಲನ್ನು ನೆನಪಿನಿಂದ ಮತ್ತೆ ಬರೆದ. ಆ ಕರಡುಗಳು 1971ರಲ್ಲಿ ಅಚ್ಚಾದುದರಿಂದ ಇದನ್ನು ಇಂದು ಯಾರೂ ನೋಡಬಹುದು. ಪೌಂಡನ ಕೆಲಸವನ್ನು ವಿವಿಯನ್ ಮಾಡಲಾರಳು. ಅವಳು ಹೇಳಬಲ್ಲುದನ್ನು ಪೌಂಡ್ ಹೇಳಲಾರ.

ಅಕ್ಕನಿಗೆ ನಾನು ಇಟ್ಟ ಪ್ರಶ್ನೆಗಳು ಎರಡು. “ನಿನ್ನ ನೆನಪಿನಲ್ಲಿ ಬೇರೆ ರೀತಿ ಇರುವುದು ಇದರಲ್ಲಿ ಏನಾದರೂ ಇದೆಯೆ? ಅಚ್ಚಾಗಬಾರದೆಂದು ನಿನಗೆ ಕಾಣುವುದು ಏನಾದರೂ ಇದೆಯೆ?” ಅವಳು ಓದುತ್ತಿರುವಾಗ ನಾನು ಭದ್ರಾನದಿಯ ದಂಡೆಗೆ ಹೋಗಿ ಬಂದೆ. ಎದುರಿಗೆ ಕುಳಿತು ಮುಖ ನೋಡುತ್ತಿದ್ದರೆ ಯಾರಿಗೂ ಓದಲಾಗದು. ಹಿಂದಿರುಗಿದಾಗ ಅವಳು ಕಾಗದಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು.

“ಆ ಅರ್ಧ ಹಾಜರಿ ದಿನ ಅಪ್ಪನಿಗೆ ಬುತ್ತಿ ತಗೊಂಡು ಹೋದವಳು ನಾನು” ಎಂದಳು. “ನೀನು ಆ ವಾರವೆಲ್ಲ ಕೋಟಲೆ ಬಂದು ಮಲಗಿದ್ದೆ. ರಾತ್ರಿ ನಿನ್ನ ಪಕ್ಕ ಕೂತು ನಾನೇ ಹೇಳಿದ್ದು.”

ನನಗೆ ಮಾತು ಹೊರಡಲಿಲ್ಲ. ಆ ಹೆಣ್ಣು ಬುಟ್ಟಿ ಎತ್ತಿಕೊಂಡು ಹೋದುದು ನನ್ನ ಕಣ್ಣಿಗೆ ಕಟ್ಟಿದಂತಿತ್ತು; ಬುಟ್ಟಿಯ ಬಣ್ಣವನ್ನು ಸಹ ನಾನು ಬರೆದಿದ್ದೆ. ಐವತ್ತು ವರ್ಷ ನನ್ನದೆಂದು ಇಟ್ಟುಕೊಂಡಿದ್ದ ನೆನಪು ಅವಳದಾಗಿತ್ತು. “ಮೊದಲನೆಯ ಸಲ ಓದಿದಾಗಲೇ ಏಕೆ ಹೇಳಲಿಲ್ಲ?” ಎಂದೆ.

“ನೀನು ಹೇಗಿದೆ ಅಂತ ಕೇಳಿದೆ ಮಾರಾಯ. ಚೆನ್ನಾಗಿತ್ತು. ಚೆನ್ನಾಗಿದೆ ಅಂದೆ.”

ಎರಡನೆಯ ಪ್ರಶ್ನೆಗೂ ಅವಳು ಉತ್ತರ ಕೊಟ್ಟಳು. ಆ ಹೆಣ್ಣಿನ ಹೆಸರನ್ನು ನಾನು ಹಾಗೆಯೇ ಬರೆದಿದ್ದೆ. ಅವಳ ಮಗಳು, ಅಂದು ಜ್ವರದಲ್ಲಿದ್ದ ಆ ಮಗು, ಈಗಲೂ ಅದೇ ಊರಿನ ಕಡೆ ಇದ್ದಾಳೆ. ತಾಯಿಗೆ ಆದ ಅವಮಾನವನ್ನು ಅವಳು ಪತ್ರಿಕೆಯಲ್ಲಿ ಓದಿ ತಿಳಿಯಬೇಕೆ? ಹೆಸರನ್ನು ತೆಗೆದೆ, ಊರಿನ ಗುರುತನ್ನೂ ತೆಗೆದೆ. ‘ನಾನು ಕಂಡೆ’ ಎಂಬುದನ್ನು ಅಳಿಸಿ, ‘ಅಕ್ಕ ಕಂಡುಬಂದು ಹೇಳಿದಳು’ ಎಂದು ಬರೆದೆ. ಆಶ್ಚರ್ಯವೆಂದರೆ, ಆ ಒಂದು ತಿದ್ದುಪಡಿಯಿಂದ ಬರಹದಲ್ಲಿದ್ದ ಹಗೆಯೂ ಇಳಿದುಹೋಯಿತು. ಕಣ್ಣಾರೆ ಕಂಡ ಸಾಕ್ಷಿಯ ಧಾಟಿಯಲ್ಲಿ ತಂದೆಯ ಮೇಲೆ ತೀರ್ಪು ಕೊಡುತ್ತಿದ್ದವನು ಜ್ವರದ ಹಾಸಿಗೆಯಲ್ಲಿ ಮಲಗಿ ಕೇಳಿಸಿಕೊಂಡ ಹುಡುಗನಾದ. ನನ್ನ ಚಿಂತೆಗೆ ಉತ್ತರ ಬಂದುದು ನಾನು ಎದುರುನೋಡಿದ ದಿಕ್ಕಿನಿಂದ ಅಲ್ಲ.

ಇಷ್ಟು ಹೇಳಿದ ಮೇಲೆ, ಕೇಳಿದ್ದಕ್ಕೆ ಮಾತ್ರ ಉತ್ತರ ಸಾಕು ಎಂಬ ನಿಯಮ ಮಾಡಬಾರದೆಂಬುದಕ್ಕೂ ನಮ್ಮ ಜಿಲ್ಲೆಯ ಒಂದು ದೃಷ್ಟಾಂತವಿದೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರು ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು. ‘ಬಿಗಿನರ್ಸ್ ಮ್ಯೂಸ್’ ಎಂಬ ಸಂಕಲನವೂ 1922ರಲ್ಲಿ ಹೊರಬಂದಿತ್ತು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ಆ ತರುಣ ತನ್ನ ಇಂಗ್ಲಿಷ್ ಕವಿತೆಗಳನ್ನು ಅವರಿಗೆ ತೋರಿಸಿದ. ಕಸಿನ್ಸರು ಅವನ್ನು ನೋಡಿ, ನಿಮ್ಮ ಭಾಷೆಯಲ್ಲಿ ಏನು ಬರೆದಿದ್ದೀರಿ ಎಂದು ಕೇಳಿ, ಕನ್ನಡದಲ್ಲಿ ಬರೆಯುವಂತೆ ಹೇಳಿದರು. ಈ ಪ್ರಸಂಗವನ್ನು ಕುವೆಂಪು ‘ನೆನಪಿನ ದೋಣಿಯಲ್ಲಿ’ ಹೇಳಿಕೊಂಡಿದ್ದಾರೆ. ಕವಿತೆ ಹೇಗಿದೆಯೆಂದು ತಿಳಿಯಹೋದವರಿಗೆ ಸಿಕ್ಕಿದುದು ತಾವು ಕೇಳದೆ ಇದ್ದ ಪ್ರಶ್ನೆಗೆ ಉತ್ತರ. ನಾನು ಈಗ ಹೇಳಿದ ರೀತಿಯಲ್ಲಿ ಆ ತರುಣ, “ಎಲ್ಲಿ ಕಣ್ಣು ನಿಂತಿತೋ ಅಲ್ಲಿ ಗೀಟು ಹಾಕಿ, ಮಿಕ್ಕಿದ್ದು ಬೇಡ” ಎಂದಿದ್ದರೆ? ನಾಲ್ಕು ಇಂಗ್ಲಿಷ್ ಸಾಲುಗಳು ನೆಟ್ಟಗಾಗುತ್ತಿದ್ದವು, ಅಷ್ಟೆ.

ಅದಕ್ಕಾಗಿ ಈಗ ನಾನು ಯಾರಿಗೇ ಕರಡು ಕೊಡಲಿ, ಪ್ರಶ್ನೆಗಳು ಮೂರನ್ನು ಮೀರದಂತೆ ನೋಡಿಕೊಂಡು, ಕೊನೆಗೆ ಒಂದು ಬಾಗಿಲನ್ನು ತೆರೆದಿಡುತ್ತೇನೆ: “ನಾನು ಕೇಳದೆ ಇದ್ದದ್ದು, ಆದರೆ ನನಗೆ ತಿಳಿಯಲೇಬೇಕಾದದ್ದು ಏನಾದರೂ ಕಂಡರೆ ಅದನ್ನೂ ಹೇಳಿ.” ಈ ಮಾತನ್ನು ಕೊನೆಯಲ್ಲಿಯೇ ಕೇಳಬೇಕು. ಮೊದಲು ಕೇಳಿದರೆ ಅದು ಮತ್ತೆ ಹಳೆಯ ‘ಹೇಗಿದೆ’ಯೇ ಆಗಿ, ಉತ್ತರವೂ ಹಳೆಯ ‘ಚೆನ್ನಾಗಿದೆ’ಯೇ ಆಗುತ್ತದೆ. ನಿಶ್ಚಿತವಾದ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಿ ಬಂದ ಓದುಗರು ಅಷ್ಟು ಹೊತ್ತಿಗೆ ಬರಹದ ಒಳಗೆ ಓಡಾಡಿರುತ್ತಾರೆ. ಸತ್ಯ ಹೇಳಿದರೆ ಬರೆದವನು ಕುಸಿಯುವುದಿಲ್ಲವೆಂಬ ನಂಬಿಕೆಯೂ ಅವರಿಗೆ ಬಂದಿರುತ್ತದೆ. ಆಗ ಕೇಳಿದರೆ ಹೇಳುತ್ತಾರೆ.

ನನ್ನ ಬರಹ ಈಗ ಹನ್ನೊಂದು ಪುಟಕ್ಕೆ ಇಳಿದಿದೆ. ಮೊದಲ ಪ್ರತಿಯನ್ನು ಅಕ್ಕನಿಗೇ ಕಳಿಸಿದೆ. ಈ ಸಲ ಏನನ್ನೂ ಕೇಳಲಿಲ್ಲ. ಒಂದು ವಾರದ ಮೇಲೆ ಅವಳೇ ಫೋನು ಮಾಡಿ, “ಬುಟ್ಟಿ ಬಣ್ಣ ಮಾತ್ರ ನೀನು ಹೇಳಿದ್ದೇ ಸರಿ. ನಾನು ಮರೆತಿದ್ದೆ” ಎಂದಳು. ಆ ಬಣ್ಣ ನನಗೆ ಎಲ್ಲಿಂದ ಬಂದಿತೆಂಬುದನ್ನು ನಾನು ಇನ್ನೂ ಯೋಚಿಸುತ್ತಲೇ ಇದ್ದೇನೆ.